ಸಾಲ ಕೊಟ್ಟವರು ಒಬ್ಬರು, ಕೋರ್ಟಿಗೆ ಹೋದವರು ಇನ್ನೊಬ್ಬರು: ಖಾಲಿ ಪ್ರೊನೋಟಿಗೆ ಸಹಿ ಹಾಕಿದರೆ ಏನಾಗುತ್ತದೆ?

ಸಾಲ ಪಡೆದದ್ದು ಪರಿಚಯದ ಫೈನಾನ್ಸ್‌ನವರಿಂದ. ಪಡೆದ ಮೊತ್ತ 2 ಲಕ್ಷ ರೂಪಾಯಿ. ಆದರೆ ಮನೆಗೆ ಬಂದ ಸಮನ್ಸ್‌ನಲ್ಲಿ ವಾದಿಯ ಹೆಸರು ಯಾರದ್ದೋ, ಮೊತ್ತ 5 ಲಕ್ಷ. ಜೊತೆಗಿರುವ ಜೆರಾಕ್ಸ್ ಪ್ರತಿಯಲ್ಲಿರುವ ಸಹಿ ಮಾತ್ರ ನಿಮ್ಮದೇ. ‘ಈ ಮನುಷ್ಯನನ್ನು ನಾನು ನೋಡಿಯೇ ಇಲ್ಲ, ಇವರಿಗೆ ನಾನೇಕೆ ಹಣ ಕೊಡಬೇಕು?’ ಎಂದು ಯಾರಾದರೂ ಕೇಳುತ್ತಾರೆ. ಪ್ರೊನೋಟಿನ ಕಾನೂನಿನಲ್ಲಿ ಈ ಪ್ರಶ್ನೆಗೆ ಸಮಾಧಾನದ ಉತ್ತರ ಸಿಗುವುದಿಲ್ಲ. ನೋಡಿಲ್ಲದ ವ್ಯಕ್ತಿಗೂ ಕೊಡಬೇಕಾಗಬಹುದು. ಕೆಲವೊಮ್ಮೆ, ಸಾಲ ಕೊಟ್ಟವರಿಗೆ ಕೊಡಬೇಕಾಗಿದ್ದಕ್ಕಿಂತ ಹೆಚ್ಚೇ ಕೊಡಬೇಕಾಗಬಹುದು.

2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂದಾಗ ಚರ್ಚೆಯಾದದ್ದು ಮನೆ ಬಾಗಿಲಿಗೆ ಬಂದು ಬೆದರಿಸುವ ವಸೂಲಿ. ಆದರೆ ಸದ್ದಿಲ್ಲದೆ, ಕೋರ್ಟಿನ ಮೂಲಕವೇ ನಡೆಯುವ ವಸೂಲಿಯೊಂದಿದೆ. ಅದರ ಆಯುಧ ಒಂದೇ ಹಾಳೆಯ ಪ್ರಾಮಿಸರಿ ನೋಟು. ಊರಿನಲ್ಲಿ ಕೈಸಾಲ ಪಡೆಯುವಾಗಲೂ, ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಅಂಗಡಿ, ಕ್ಯಾಂಟೀನ್ ನಡೆಸುವವರು ಖಾಸಗಿ ಸಾಲ ಎತ್ತುವಾಗಲೂ ಇದಕ್ಕೆ ಸಹಿ ಬೀಳುತ್ತದೆ. ಎಷ್ಟೋ ಸಲ ನಮೂನೆ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ. ಸಹಿ ಹಾಕುವವರು ಓದಿರುವುದಿಲ್ಲ, ಮೊತ್ತದ ಜಾಗ ಖಾಲಿ ಇರುತ್ತದೆ. ಕಾನೂನು ಮಾತ್ರ ಎಲ್ಲ ಊರಲ್ಲೂ ಒಂದೇ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ.

ಪ್ರೊನೋಟು ಸಾಮಾನ್ಯ ಸಾಲಪತ್ರವಲ್ಲ

ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪ್ರೊನೋಟು ಎಂದರೆ, ಇಂತಿಷ್ಟು ಹಣವನ್ನು ಇಂಥವರಿಗೆ ಅಥವಾ ಅವರು ಹೇಳಿದವರಿಗೆ ಕೊಡುತ್ತೇನೆ ಎಂದು ಯಾವುದೇ ಷರತ್ತಿಲ್ಲದೆ ಬರೆದು ಸಹಿ ಮಾಡಿದ ಕಾಗದ. ‘ಮಗಳ ಮದುವೆಯಾದ ಮೇಲೆ ಕೊಡುತ್ತೇನೆ’ ಎಂದು ಬರೆದರೆ ಅದು ಪ್ರೊನೋಟು ಆಗುವುದಿಲ್ಲ. ‘2 ಲಕ್ಷ ಬಾಕಿ ಇದೆ’ ಎಂದಷ್ಟೇ ಬರೆದರೂ ಆಗುವುದಿಲ್ಲ. ಕೊಡುತ್ತೇನೆ ಎಂಬ ಮಾತು ಅದರಲ್ಲಿರಬೇಕು.

ಬೇರೆ ಕರಾರುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇದು ಕೈ ಬದಲಾಯಿಸಬಲ್ಲದು. ನೋಟು ಹೊಂದಿರುವವರು ಅದರ ಹಿಂಭಾಗದಲ್ಲಿ ‘ಇಂಥವರಿಗೆ ಪಾವತಿಸಿ’ ಎಂದು ಬರೆದು, ಸಹಿ ಮಾಡಿ, ಕಾಗದವನ್ನು ಕೈಗೆ ಕೊಟ್ಟರೆ ಸಾಕು, ಹಣ ಕೇಳುವ ಹಕ್ಕು ಅವರಿಗೆ ಹೋಗುತ್ತದೆ. ಇದೇ ಎಂಡಾರ್ಸ್‌ಮೆಂಟ್, ಅಂದರೆ ಹಿಂಬರಹ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಗೆ ಕೊಡುವ ಹಿಂಬರಹಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಅದು ಅಕ್ಷರಶಃ ಕಾಗದದ ಬೆನ್ನ ಮೇಲಿನ ಬರಹ. ಹೆಸರು ಬರೆಯದೆ ಬರೀ ಸಹಿ ಹಾಕಿದರೂ ಅದು ಹಿಂಬರಹವೇ. ಇದಕ್ಕೆ ನೋಂದಣಿ ಬೇಡ, ಸಾಲ ಪಡೆದವರ ಒಪ್ಪಿಗೆಯೂ ಬೇಡ.

ಇಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನೋಟಿನಲ್ಲಿ ‘ಅಥವಾ ಅವರು ಹೇಳಿದವರಿಗೆ’ ಎಂಬ ಪದಗಳಿಲ್ಲದೆ ಒಬ್ಬರ ಹೆಸರಷ್ಟೇ ಇದ್ದರೂ ಅದನ್ನು ವರ್ಗಾಯಿಸಬಹುದು. 13ನೇ ಸೆಕ್ಷನ್ ಪ್ರಕಾರ, ವರ್ಗಾವಣೆಯನ್ನು ನಿಷೇಧಿಸುವ ಮಾತು ನೋಟಿನಲ್ಲಿ ಸ್ಪಷ್ಟವಾಗಿ ಇದ್ದರೆ ಮಾತ್ರ ಅದು ಕೈ ಬದಲಾಯಿಸುವುದಿಲ್ಲ.

ಒಂದು ಉದಾಹರಣೆ

ದಾದರ್‌ನಲ್ಲಿ ಕ್ಯಾಂಟೀನ್ ನಡೆಸುವ ಒಬ್ಬ ಕನ್ನಡಿಗರನ್ನು ಊಹಿಸಿಕೊಳ್ಳಿ. ಅವರು ಒಬ್ಬ ಲೇವಾದೇವಿದಾರರಿಂದ 2 ಲಕ್ಷ ರೂ. ಪಡೆದರು. ರೆವೆನ್ಯೂ ಸ್ಟಾಂಪ್ ಅಂಟಿಸಿದ ಮುದ್ರಿತ ನಮೂನೆಯ ಮೇಲೆ, ಸ್ಟಾಂಪನ್ನು ಹಾಯುವಂತೆ ಸಹಿ ಹಾಕಿದರು. ಮೊತ್ತ, ದಿನಾಂಕದ ಜಾಗ ಖಾಲಿ ಬಿಟ್ಟರು. ‘ಆಮೇಲೆ ತುಂಬಿಕೊಳ್ಳುತ್ತೇವೆ’ ಎಂದಾಗ ಆಗಲಿ ಎಂದರು. ಮುಂದಿನ ತಿಂಗಳುಗಳಲ್ಲಿ ಯುಪಿಐ ಮೂಲಕ ಅಸಲಿನಲ್ಲಿ 80,000 ರೂ. ತೀರಿಸಿದರು. ಲೆಕ್ಕದಂತೆ ಉಳಿದದ್ದು 1,20,000 ರೂ. ಬಡ್ಡಿಯ ಲೆಕ್ಕವನ್ನು ಸದ್ಯಕ್ಕೆ ಬದಿಗಿಡೋಣ.

ಲೇವಾದೇವಿದಾರ ಖಾಲಿ ಜಾಗದಲ್ಲಿ 5 ಲಕ್ಷ ಎಂದು ತುಂಬಿದ. ನೋಟಿನ ಹಿಂದೆ ಮೂರನೆಯ ವ್ಯಕ್ತಿಯ ಹೆಸರು ಬರೆದು ಸಹಿ ಮಾಡಿ ಕೊಟ್ಟ. ಆ ಮೂರನೆಯವರು ಈಗ 5 ಲಕ್ಷಕ್ಕೆ ದಾವೆ ಹೂಡಿದ್ದಾರೆ. ಕ್ಯಾಂಟೀನ್‌ನವರು ಕೊಡಬೇಕಾದದ್ದು 1,20,000ವೋ, 5,00,000ವೋ? 3,80,000 ರೂಪಾಯಿಯ ಈ ಅಂತರವನ್ನು ತೀರ್ಮಾನಿಸುವುದು ಒಂದೇ ಪ್ರಶ್ನೆ: ಮೂರನೆಯವರು ‘ಹೋಲ್ಡರ್ ಇನ್ ಡ್ಯೂ ಕೋರ್ಸ್’ ಹೌದೋ ಅಲ್ಲವೋ. ಕನ್ನಡದಲ್ಲಿ ಇದನ್ನು ಸಕ್ರಮ ಧಾರಕ ಎನ್ನೋಣ.

ಖಾಲಿ ಬಿಟ್ಟರೆ ತುಂಬುವ ಅಧಿಕಾರ ಕೊಟ್ಟಂತೆ

ಮೊದಲು 20ನೇ ಸೆಕ್ಷನ್ ನೋಡಬೇಕು. ಸರಿಯಾಗಿ ಸ್ಟಾಂಪ್ ಇರುವ ಕಾಗದಕ್ಕೆ ಸಹಿ ಮಾಡಿ, ಪೂರ್ತಿಯಾಗಿಯೋ ಭಾಗಶಃವೋ ಖಾಲಿ ಬಿಟ್ಟು ಕೊಟ್ಟವರು, ಅದನ್ನು ಪಡೆದವರಿಗೆ ತುಂಬುವ ಅಧಿಕಾರ ಕೊಟ್ಟಂತೆ ಎಂದು ಕಾನೂನು ಮೇಲ್ನೋಟಕ್ಕೆ ಭಾವಿಸುತ್ತದೆ. ಹಾಗಾಗಿ ‘ಬರವಣಿಗೆ ನನ್ನದಲ್ಲ, ಶಾಯಿ ಬೇರೆ’ ಎಂಬ ವಾದವೊಂದೇ ಕೈಹಿಡಿಯುವುದಿಲ್ಲ.

ಈ ಅಧಿಕಾರಕ್ಕೆ ಕಾನೂನು ಒಂದು ಮಿತಿ ಹಾಕಿದೆ: ಸ್ಟಾಂಪ್ ಎಷ್ಟು ಮೊತ್ತಕ್ಕೆ ಸಾಕಾಗುತ್ತದೋ ಅಷ್ಟನ್ನು ಮೀರಬಾರದು. ಆದರೆ ಕೇಳಿದಾಗ ಕೊಡುವ, ಅಂದರೆ ‘ಆನ್ ಡಿಮ್ಯಾಂಡ್’ ನೋಟಿಗೆ ಬೇಕಾದ ಸ್ಟಾಂಪ್ ಶುಲ್ಕ ಪೈಸೆಗಳ ಲೆಕ್ಕದಲ್ಲಿದೆ. ಸಾವಿರ ರೂಪಾಯಿ ದಾಟಿದ ಮೇಲೆ ಮೊತ್ತ ಎಷ್ಟೇ ಇದ್ದರೂ ಶುಲ್ಕ ಒಂದೇ. ದರ ನಿಗದಿ ಕೇಂದ್ರದ ಕೈಯಲ್ಲಿರುವುದರಿಂದ ಮುಂಬೈಗೂ ಚೆನ್ನೈಗೂ ಅದೇ ದರ. ರೂಢಿಯಲ್ಲಿ ಅಂಟಿಸುವ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ 2 ಲಕ್ಷಕ್ಕೂ ಸಾಕು, 50 ಲಕ್ಷಕ್ಕೂ ಸಾಕು. ಹೀಗಾಗಿ ಈ ಮಿತಿಯಿಂದ ಸಾಲಗಾರರಿಗೆ ಇಂದು ಸಿಗುವ ರಕ್ಷಣೆ ಏನೂ ಇಲ್ಲ.

ನಿಜವಾದ ರಕ್ಷಣೆ ಇರುವುದು ಅದೇ ಸೆಕ್ಷನ್ನಿನ ಕೊನೆಯ ಸಾಲಿನಲ್ಲಿ. ಸಹಿ ಮಾಡಿದವರು ಎಷ್ಟು ಕೊಡಬೇಕೆಂದು ಉದ್ದೇಶಿಸಿದ್ದರೋ ಅದಕ್ಕಿಂತ ಹೆಚ್ಚನ್ನು ಸಕ್ರಮ ಧಾರಕರ ಹೊರತು ಬೇರೆ ಯಾರೂ ವಸೂಲು ಮಾಡುವಂತಿಲ್ಲ. ಲೇವಾದೇವಿದಾರನೇ ದಾವೆ ಹೂಡಿದ್ದರೆ, 2 ಲಕ್ಷವೇ ಉದ್ದೇಶಿತ ಮೊತ್ತ ಎಂದು ಸಾಬೀತಾದಾಗ ಅವನ ದಾವೆ ಅಲ್ಲಿಗೇ ನಿಲ್ಲುತ್ತಿತ್ತು. ಅದು ಗೊತ್ತಿರುವವರೇ ನೋಟನ್ನು ಇನ್ನೊಬ್ಬರ ಕೈಗೆ ದಾಟಿಸುವುದು.

ಒಂದು ವ್ಯತ್ಯಾಸವನ್ನು ಗಮನಿಸಿ. ಕ್ಯಾಂಟೀನ್‌ನವರು ಮೊದಲೇ 2,00,000 ಎಂದು ಬರೆದಿದ್ದು, ಲೇವಾದೇವಿದಾರ 2 ಅನ್ನು 5 ಎಂದು ತಿದ್ದಿದ್ದರೆ? ಆಗ 87ನೇ ಸೆಕ್ಷನ್ ಬರುತ್ತದೆ. ಒಪ್ಪಿಗೆಯಿಲ್ಲದ ಅಂಥ ಮುಖ್ಯ ತಿದ್ದುಪಡಿ, ಸಹಿ ಮಾಡಿದವರ ಮಟ್ಟಿಗೆ ನೋಟನ್ನೇ ಅನೂರ್ಜಿತಗೊಳಿಸುತ್ತದೆ. ಸಕ್ರಮ ಧಾರಕರಿಗೂ ಆ ಸೆಕ್ಷನ್ ವಿನಾಯಿತಿ ಕೊಟ್ಟಿಲ್ಲ. ತುಂಬಿದ ಅಂಕಿಯನ್ನು ತಿದ್ದಿದರೆ ನೋಟು ಸಾಯುತ್ತದೆ, ಖಾಲಿ ಜಾಗವನ್ನು ತುಂಬಿದರೆ ಬದುಕುತ್ತದೆ. ಪೆನ್ನು ಹಿಡಿದು ಮೊತ್ತ ಬರೆಯುವ ಅರ್ಧ ನಿಮಿಷದ ಬೆಲೆ ಇಷ್ಟು.

ಸಕ್ರಮ ಧಾರಕ ಯಾರು?

9ನೇ ಸೆಕ್ಷನ್ ಇದನ್ನು ಹೇಳುತ್ತದೆ. ನೋಟು ಅವರಿಗೆ ಹಿಂಬರಹದ ಮೂಲಕ ಬಂದಿರಬೇಕು. ಅದಕ್ಕೆ ಅವರು ಪ್ರತಿಫಲ ಕೊಟ್ಟಿರಬೇಕು, ಅಂದರೆ ಉಡುಗೊರೆಯಾಗಿ ಪಡೆದಿರಬಾರದು. ಹಣ ಪಾವತಿಗೆ ಬರುವ ಮೊದಲೇ ಪಡೆದಿರಬೇಕು. ಮತ್ತು ತಮಗೆ ನೋಟು ಕೊಟ್ಟವರ ಹಕ್ಕಿನಲ್ಲಿ ದೋಷವಿದೆ ಎಂದು ನಂಬಲು ಸಾಕಷ್ಟು ಕಾರಣ ಅವರಿಗೆ ಇರಬಾರದು.

ಇಷ್ಟೂ ಇದ್ದರೆ ಮೂರನೆಯವರು ಲೇವಾದೇವಿದಾರನಿಗಿಂತ ಬಲವಾದ ಹಕ್ಕು ಪಡೆಯುತ್ತಾರೆ. ಆಸ್ತಿ ಕಾನೂನಿನಲ್ಲಿ ಯಾರೂ ತಮ್ಮಲ್ಲಿ ಇಲ್ಲದ ಹಕ್ಕನ್ನು ಇನ್ನೊಬ್ಬರಿಗೆ ಕೊಡಲಾರರು. ಇಲ್ಲಿ ಅದು ತಲೆಕೆಳಗು. ಕಾರಣವೂ ಇದೆ. ಪ್ರೊನೋಟು, ಹುಂಡಿ, ಚೆಕ್‌ಗಳು ವ್ಯಾಪಾರದಲ್ಲಿ ನಗದಿನಂತೆ ಕೈಯಿಂದ ಕೈಗೆ ಓಡಾಡಬೇಕಿತ್ತು. ಪಡೆದ ಪ್ರತಿಯೊಬ್ಬರೂ ಹಿಂದಿನ ವ್ಯವಹಾರವನ್ನೆಲ್ಲ ಕೆದಕಬೇಕಾದರೆ ಯಾರೂ ಅವನ್ನು ಮುಟ್ಟುತ್ತಿರಲಿಲ್ಲ. ಮೋಸಗಾರನನ್ನು ನಂಬಿ ಖಾಲಿ ಕಾಗದ ಕೊಟ್ಟವರು ಮತ್ತು ಏನೂ ಅರಿಯದೆ ಹಣ ತೆತ್ತು ನೋಟು ಪಡೆದವರು, ಈ ಇಬ್ಬರಲ್ಲಿ ನಷ್ಟ ಮೊದಲಿನವರದ್ದಾಗಲಿ ಎಂದು ಕಾನೂನು ಆರಿಸಿಕೊಂಡಿದೆ.

ಹಾಗಾದರೆ ಕ್ಯಾಂಟೀನ್‌ನವರು ಯುಪಿಐನಲ್ಲಿ ಕೊಟ್ಟ 80,000 ರೂ.? ನೋಟಿನ ಮೇಲೆ ಎಲ್ಲೂ ಬರೆಯದ ಆ ಪಾವತಿ ಲೇವಾದೇವಿದಾರನ ಎದುರು ಒಳ್ಳೆಯ ಉತ್ತರ. ಅದರ ಸುಳಿವೇ ಇಲ್ಲದ ಸಕ್ರಮ ಧಾರಕರ ಎದುರು ಅದೇ ಉತ್ತರ ನಿಲ್ಲುವುದು ಕಷ್ಟ.

ಯಾರು ಸಾಬೀತುಪಡಿಸಬೇಕು?

ಕೋರ್ಟಿನಲ್ಲಿ ಆಟ ನಡೆಯುವುದು 118ನೇ ಸೆಕ್ಷನ್ನಿನ ಸುತ್ತ. ನೋಟಿಗೆ ಪ್ರತಿಫಲ ಸಂದಿದೆ, ಅದರ ಮೇಲಿನ ದಿನಾಂಕ ಸರಿ, ಪಾವತಿಗೆ ಬರುವ ಮೊದಲೇ ವರ್ಗಾವಣೆಯಾಗಿದೆ, ಅದನ್ನು ಹಿಡಿದಿರುವವರು ಸಕ್ರಮ ಧಾರಕರೇ ಎಂದೆಲ್ಲ ಕೋರ್ಟ್ ಮೊದಲೇ ಭಾವಿಸಿಕೊಳ್ಳುತ್ತದೆ. ಅಲ್ಲ ಎನ್ನುವವರು ತೋರಿಸಬೇಕು. ‘ನಾನು ಹಣವೇ ಪಡೆದಿಲ್ಲ’ ಎಂಬ ಬರೀ ನಿರಾಕರಣೆ ಸಾಲದು ಎಂದು ಸುಪ್ರೀಂ ಕೋರ್ಟ್ 1999ರ ಭಾರತ್ ಬ್ಯಾರಲ್ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕೆಂದೂ ಇಲ್ಲ. ತಮ್ಮ ಮಾತೇ ಹೆಚ್ಚು ಸಂಭವನೀಯ ಎಂದು ತೋರಿಸಿದರೆ ಸಾಕು.

ಆದರೆ 118ನೇ ಸೆಕ್ಷನ್ನಿಗೆ ಒಂದು ಬಾಲವಿದೆ. ಸಹಿ ಮಾಡಿದವರಿಂದ ನೋಟನ್ನು ಅಪರಾಧದಿಂದಲೋ ವಂಚನೆಯಿಂದಲೋ ಅಕ್ರಮ ಪ್ರತಿಫಲಕ್ಕೋ ಪಡೆಯಲಾಗಿದ್ದರೆ ಹೊರೆ ತಿರುಗುತ್ತದೆ. ತಾನು ಸಕ್ರಮ ಧಾರಕ ಎಂದು ಮೂರನೆಯವರೇ ಸಾಬೀತುಪಡಿಸಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಜಗಳ ನಡೆಯುವುದು ಇಲ್ಲಿಯೇ. ಮೂರನೆಯವರ ವಕೀಲರು, ‘ನೋಟು ಕೊಟ್ಟದ್ದು ಸ್ವಂತ ಇಚ್ಛೆಯಿಂದ, ಹೆಚ್ಚು ತುಂಬಿದ್ದು ಆಮೇಲೆ. ಇದು ವಂಚನೆಯಿಂದ ಪಡೆದ ನೋಟಲ್ಲ’ ಎನ್ನುತ್ತಾರೆ. ಕ್ಯಾಂಟೀನ್‌ನವರು, ಸಹಿ ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬೇಕು. ಅದೇ ಲೇವಾದೇವಿದಾರ ಹಲವರ ಖಾಲಿ ನೋಟುಗಳನ್ನು ಹೀಗೆಯೇ ಬಳಸಿದ್ದರೆ ಅದು ದೊಡ್ಡ ಸಾಕ್ಷ್ಯವಾಗಬಹುದು.

ಮೂರನೆಯವರು ‘ಡಮ್ಮಿ’ ಎಂದು ತಿಳಿಯುವುದು ಹೇಗೆ?

ಇಂಥ ದಾವೆಗಳಲ್ಲಿ ಮೂರನೆಯವರು ನಿಜವಾಗಿ ಹಣ ಕೊಟ್ಟವರೋ ಅಥವಾ ಲೇವಾದೇವಿದಾರನ ಮುಖವಾಡವೋ ಎಂಬುದನ್ನು ಪಾಟಿ ಸವಾಲಿನಲ್ಲಿ ಹೊರತೆಗೆಯಬೇಕು. ನೋಟಿಗಾಗಿ ಎಷ್ಟು ಕೊಟ್ಟಿರಿ, ಹೇಗೆ ಕೊಟ್ಟಿರಿ, ಬ್ಯಾಂಕ್ ಖಾತೆಯಲ್ಲಿ ಅದು ಕಾಣುತ್ತದೆಯೇ? 5 ಲಕ್ಷದ ನೋಟನ್ನು 2 ಲಕ್ಷಕ್ಕೆ ಕೊಂಡಿದ್ದರೆ ಅಷ್ಟು ಅಗ್ಗಕ್ಕೆ ಏಕೆ ಸಿಕ್ಕಿತು ಎಂದು ಕೇಳಿದಿರಾ? ಲೇವಾದೇವಿದಾರ ನಿಮಗೆ ಸಂಬಂಧಿಯೇ, ಪಾಲುದಾರನೇ?

ಲೆಕ್ಕಪುಸ್ತಕ ಇದ್ದೂ ಹಾಜರುಪಡಿಸದಿದ್ದರೆ ಅದೂ ಮುಖ್ಯ. ಹೀಗೆ ದಾಖಲೆ ಬಚ್ಚಿಟ್ಟ ವಾದಿಯ ವಿರುದ್ಧವೇ ಕೋರ್ಟ್ ಅಭಿಪ್ರಾಯ ತಳೆಯಬಹುದು, ಅದರಿಂದಲೇ 118ರ ಭಾವನೆ ಮುರಿದುಬೀಳಬಹುದು ಎಂದು ಸುಪ್ರೀಂ ಕೋರ್ಟ್ 1961ರ ಕುಂದನ್ ಲಾಲ್ ಪ್ರಕರಣದಲ್ಲಿ ಹೇಳಿತ್ತು.

ಭಾರತದ ಕಾನೂನು ಇಲ್ಲಿ ಇಂಗ್ಲೆಂಡಿಗಿಂತ ಕಟ್ಟುನಿಟ್ಟು. ಅಲ್ಲಿನ 1882ರ ಕಾಯ್ದೆಯಲ್ಲಿ, ನಿರ್ಲಕ್ಷ್ಯ ತೋರಿದರೂ ಪ್ರಾಮಾಣಿಕವಾಗಿದ್ದರೆ ಅದು ಸದ್ಭಾವನೆಯೇ. ನಮ್ಮಲ್ಲಿ ಪ್ರಾಮಾಣಿಕತೆಯೊಂದೇ ಸಾಲದು, ಸಂಶಯಿಸಲು ಸಾಕಷ್ಟು ಕಾರಣ ಇತ್ತೇ ಎಂದು ಕೇಳಲಾಗುತ್ತದೆ. 1991ರ ಪೊನ್ನಪ್ಪ ಮೂತ್ತನ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಗುರುತಿಸಿತು. ಪ್ರತಿ ಪ್ರಕರಣದಲ್ಲೂ ವಿಚಾರಿಸಲೇಬೇಕು ಎಂಬ ಸಿದ್ಧಸೂತ್ರ ಇಲ್ಲ, ಆದರೆ ಸಂದರ್ಭ ನೋಡಿ ನಿರ್ಲಕ್ಷ್ಯವನ್ನೂ ಪರಿಗಣಿಸಬಹುದು ಎಂದಿತು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿಗೆ ಇಲ್ಲಿ ರಿಯಾಯಿತಿ ಇಲ್ಲ.

ವರ್ಗಾವಣೆಯ ಸಮಯವೂ ಮುಖ್ಯ. ನೋಟಿನಲ್ಲಿ ಪಾವತಿಯ ದಿನ ಇದ್ದು, ಅದು ಕಳೆದ ಮೇಲೆ ಪಡೆದಿದ್ದರೆ ಮೂರನೆಯವರಿಗೆ ಲೇವಾದೇವಿದಾರನಿಗೆ ಇದ್ದಷ್ಟೇ ಹಕ್ಕು. ಲೇವಾದೇವಿದಾರ ಕೇಳಿ, ಕ್ಯಾಂಟೀನ್‌ನವರು ಕೊಡಲಿಲ್ಲ ಎಂಬುದು ತಿಳಿದೂ ಪಡೆದಿದ್ದರೂ ಅಷ್ಟೇ. 59ನೇ ಸೆಕ್ಷನ್ ಹೇಳುವುದು ಇದನ್ನೇ. ಆದ್ದರಿಂದ ಲೇವಾದೇವಿದಾರ ಮೊದಲು ಕಳಿಸಿದ ವಕೀಲರ ನೋಟಿಸ್, ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಆ ಬೇಡಿಕೆಯ ವಿಷಯ ಮೂರನೆಯವರಿಗೂ ಗೊತ್ತಿತ್ತು ಎಂದು ತೋರಿಸಲು ಸಾಧ್ಯವಾದರೆ ಚಿತ್ರವೇ ಬದಲಾಗುತ್ತದೆ.

ನಮ್ಮ ಉದಾಹರಣೆಗೆ ಮರಳಿದರೆ, ಮೂರನೆಯವರು ಲೇವಾದೇವಿದಾರನ ಭಾವಮೈದ, ಹಣ ಕೊಟ್ಟ ದಾಖಲೆ ಇಲ್ಲ ಎಂದಾದರೆ, ಕ್ಯಾಂಟೀನ್‌ನವರ ಹೊಣೆ 1,20,000 ಮತ್ತು ಒಪ್ಪಿದ ಬಡ್ಡಿಗೆ ಇಳಿಯುವ ಸಾಧ್ಯತೆ ಹೆಚ್ಚು. ಬದಲಾಗಿ ಮೂರನೆಯವರು ಒಬ್ಬ ದಿನಸಿ ಸಗಟು ವ್ಯಾಪಾರಿ, ತಮಗೆ ಬರಬೇಕಿದ್ದ 5 ಲಕ್ಷದ ಬಾಕಿಗೆ ಪ್ರತಿಯಾಗಿ ನೋಟು ಪಡೆದಿದ್ದಾರೆ, ಲೆಕ್ಕವೂ ಇದೆ ಎಂದಾದರೆ, 5 ಲಕ್ಷದ ಡಿಕ್ರಿಯನ್ನು ಎದುರಿಸಬೇಕಾಗಬಹುದು. ಆಮೇಲೆ ಲೇವಾದೇವಿದಾರನ ಮೇಲೆ ಬೇರೆ ದಾವೆ ಹೂಡಬಹುದು, ಅವನು ಕೈಗೆ ಸಿಕ್ಕರೆ.

ಹತ್ತು ದಿನದ ಗಡುವು

ಪ್ರೊನೋಟಿನ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಸಂಕ್ಷಿಪ್ತ ದಾವೆಯಾಗಿ, ಅಂದರೆ ಸಮ್ಮರಿ ಸೂಟ್ ಆಗಿ ಹೂಡಬಹುದು. ಇದರಲ್ಲಿ ವಾದಿಸುವ ಹಕ್ಕು ತಾನಾಗಿ ಬರುವುದಿಲ್ಲ. ಸಮನ್ಸ್ ಸಿಕ್ಕ 10 ದಿನದಲ್ಲಿ ಹಾಜರಾತಿ ದಾಖಲಿಸಬೇಕು. ನಂತರ ತೀರ್ಪಿಗಾಗಿ ಸಮನ್ಸ್ ಬಂದಾಗ, ಮತ್ತೆ 10 ದಿನದಲ್ಲಿ ಪ್ರತಿವಾದಕ್ಕೆ ಅನುಮತಿ ಕೇಳಿ ಪ್ರಮಾಣಪತ್ರ ಸಲ್ಲಿಸಬೇಕು. ಸುಮ್ಮನಿದ್ದರೆ ಸಾಕ್ಷಿ ವಿಚಾರಣೆಯಿಲ್ಲದೆಯೇ ಡಿಕ್ರಿಯಾಗಬಹುದು. ‘ಇವರು ಯಾರೋ ಗೊತ್ತಿಲ್ಲ’ ಎಂದು ಸಮನ್ಸ್ ಮಡಚಿಟ್ಟವರು ಸೋಲುವುದು ಹೀಗೆ.

ಇದು ಚೆಕ್ ಬೌನ್ಸ್ ಅಲ್ಲ ಎಂಬುದೂ ನೆನಪಿರಲಿ. 138ನೇ ಸೆಕ್ಷನ್ನಿನ ಕ್ರಿಮಿನಲ್ ಮೊಕದ್ದಮೆ ಚೆಕ್‌ಗಷ್ಟೇ. ಪ್ರೊನೋಟಿನ ಹಣ ಕೊಡದಿದ್ದರೆ ಜೈಲು ಎಂದು ಯಾರಾದರೂ ಹೆದರಿಸಿದರೆ ಅದು ಬರೀ ಹೆದರಿಕೆ. ಕೇಳಿದಾಗ ಕೊಡುವ ನೋಟಿನ ಮೇಲೆ ದಾವೆ ಹೂಡಲು ಇರುವ ಕಾಲಮಿತಿ ನೋಟಿನ ದಿನಾಂಕದಿಂದ ಮೂರು ವರ್ಷ. ಕೇಳಿದ ದಿನದಿಂದಲ್ಲ. ದಿನಾಂಕದ ಜಾಗ ಖಾಲಿ ಬಿಟ್ಟವರು ಈ ರಕ್ಷಣೆಯನ್ನೂ ಎದುರಿನವರ ಪೆನ್ನಿಗೆ ಬಿಟ್ಟುಕೊಟ್ಟಂತೆ.

ಸಹಿಗೆ ಮೊದಲು, ಪಾವತಿಯ ಹೊತ್ತಿಗೆ

ಮೊತ್ತವನ್ನು ಅಂಕಿ ಮತ್ತು ಅಕ್ಷರ ಎರಡರಲ್ಲೂ, ದಿನಾಂಕವನ್ನೂ ನೀವೇ ಬರೆಯಿರಿ. ಪಡೆಯುವವರ ಹೆಸರಿನ ಮುಂದೆ ‘ಇವರಿಗೆ ಮಾತ್ರ, ವರ್ಗಾಯಿಸುವಂತಿಲ್ಲ’ ಎಂದು ಸೇರಿಸಿ. ಈ ಒಂದು ಸಾಲು ಇದ್ದರೆ ಮೂರನೆಯವರು ಸಕ್ರಮ ಧಾರಕರಾಗುವ ದಾರಿಯೇ ಮುಚ್ಚುತ್ತದೆ. ಸಾಲ ಕೊಡುವವರು ಇದಕ್ಕೆ ಒಪ್ಪುವುದಿಲ್ಲ ಎಂದರೆ, ನೋಟನ್ನು ಬೇರೆಯವರಿಗೆ ದಾಟಿಸುವ ಯೋಚನೆ ಇದೆಯೇ ಎಂದು ಆಗಲೇ ಕೇಳಬಹುದು.

ಕಂತು ಕೊಟ್ಟಾಗ ಅದನ್ನು ನೋಟಿನ ಹಿಂಭಾಗದಲ್ಲಿಯೇ ಬರೆಸಿ. ಹಾಗೆ ಬರೆದ ನೋಟನ್ನು ಉಳಿದ ಬಾಕಿಗಷ್ಟೇ ವರ್ಗಾಯಿಸಬಹುದು ಎಂದು 56ನೇ ಸೆಕ್ಷನ್ ಹೇಳುತ್ತದೆ. ಪಡೆಯುವವರ ಕಣ್ಣಿಗೂ ಅದು ಬಿದ್ದೇ ಬೀಳುತ್ತದೆ. ಇದಕ್ಕೊಂದು ಬೆಲೆಯೂ ಇದೆ: ಕಾಲಮಿತಿ ಮುಗಿಯುವ ಮೊದಲು ನಿಮ್ಮ ಕೈಬರಹ ಅಥವಾ ಸಹಿಯಲ್ಲಿ ದಾಖಲಾದ ಪಾವತಿ, ಆ ದಿನದಿಂದ ಹೊಸದಾಗಿ ಮೂರು ವರ್ಷದ ಅವಧಿ ತೆರೆಯುತ್ತದೆ. ನಿಜವಾಗಿ ತೀರಿಸುವ ಉದ್ದೇಶ ಇರುವವರಿಗೆ ಅದು ದೊಡ್ಡ ನಷ್ಟವಲ್ಲ.

ಪೂರ್ತಿ ತೀರಿಸುವಾಗ ಮೊದಲು ನೋಟು ತೋರಿಸಿ ಎನ್ನಿ, ಹಣ ಕೊಟ್ಟ ಕೂಡಲೇ ಅದನ್ನು ವಾಪಸ್ ಪಡೆಯಿರಿ. 81ನೇ ಸೆಕ್ಷನ್ ಕೊಟ್ಟಿರುವ ಹಕ್ಕು ಅದು. ‘ನೋಟು ಎಲ್ಲೋ ಕಳೆದುಹೋಗಿದೆ’ ಎಂದರೆ, ಮುಂದೆ ಯಾರಾದರೂ ಅದನ್ನು ಹಿಡಿದು ಬಂದರೆ ನಷ್ಟ ತುಂಬಿಕೊಡುತ್ತೇನೆ ಎಂಬ ಬರಹ ಕೇಳುವ ಹಕ್ಕೂ ಅದೇ ಸೆಕ್ಷನ್ನಿನಲ್ಲಿದೆ. ‘ಆಮೇಲೆ ಹರಿದು ಹಾಕುತ್ತೇವೆ ಬಿಡಿ’ ಎಂಬ ಮಾತನ್ನು ನಂಬಿ ಬರಬೇಡಿ. ಹರಿಯುವುದಿದ್ದರೆ ನಿಮ್ಮ ಕೈಯಾರೆ ಹರಿಯಿರಿ.

ಇನ್ನು, ಯಾರಾದರೂ ಬಾಕಿಯ ಬದಲು ಬೇರೆಯವರ ಪ್ರೊನೋಟನ್ನು ಹಿಂಬರಹ ಮಾಡಿ ಕೊಡಲು ಬಂದರೆ, ಸಹಿ ಮಾಡಿದವರಿಗೆ ಒಂದು ಫೋನ್ ಮಾಡಿ. ಅವರು ಕೊಡದಿದ್ದಾಗ, ನೋಟಿಸ್ ಕೊಟ್ಟು ಹಿಂಬರಹ ಮಾಡಿದವರಿಂದಲೇ ಹಣ ಕೇಳುವ ಹಕ್ಕು ಸಾಮಾನ್ಯವಾಗಿ ನಿಮಗಿರುತ್ತದೆ. ಆದರೆ ಹಿಂಬರಹದಲ್ಲಿ ‘ನನ್ನ ಹೊಣೆಯಿಲ್ಲದೆ’ ಎಂಬ ಮಾತಿದ್ದರೆ ಅದೂ ಇಲ್ಲ. ಹಾಗೆ ಬರೆದು ಕೊಡುವವರು ತಮ್ಮ ಕೈಯಲ್ಲಿರುವ ನೋಟನ್ನು ತಾವೇ ನಂಬುತ್ತಿಲ್ಲ ಎಂದಾಯಿತು. ನಾಳೆ ಕೋರ್ಟಿನಲ್ಲಿ, ಸಂಶಯಿಸಲು ನಿಮಗೆ ಸಾಕಷ್ಟು ಕಾರಣವಿತ್ತು ಎಂದು ಎದುರಿನ ವಕೀಲರು ತೋರಿಸುವ ಮೊದಲ ಸಾಲೂ ಅದೇ ಆಗಬಹುದು.